ಹಿಮ್ಮಡಿಯ ಮೇಲೊಂದು ಸ್ಪ್ರಿಂಗು

ಹಿಮ್ಮಡಿಯಿಂದ ಮೂರ್ನಾಲ್ಕು ಬೆರಳು ಮೇಲೆ, ಕಾಲಿನ ಹಿಂಭಾಗದಲ್ಲಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಬಹುದಾದ ಒಂದು ದಪ್ಪ ಹುರಿ ಇದೆ. ಕುರ್ಚಿಯಲ್ಲಿ ಕೂತು, ಕಾಲನ್ನು ಸಡಿಲ ಬಿಟ್ಟು ಹಿಡಿದರೆ ಅದು ಅತ್ತಿತ್ತ ಮೆತ್ತಗೆ ಸರಿದಾಡುತ್ತದೆ. ಈಗ ಎದ್ದು ತುದಿಗಾಲಲ್ಲಿ ನಿಂತು, ಬಗ್ಗಿ ಮತ್ತೆ ಹಿಡಿಯಿರಿ. ಅದೇ ಹುರಿ ಸೆಟೆದು ನಿಂತಿರುತ್ತದೆ, ಎಷ್ಟು ಒತ್ತಿದರೂ ಕದಲುವುದಿಲ್ಲ. ಶರೀರದಲ್ಲೇ ಅತ್ಯಂತ ದಪ್ಪನೆಯ, ಅತ್ಯಂತ ಗಟ್ಟಿಯಾದ ಸ್ನಾಯುರಜ್ಜು ಇದು. ಹೆಸರು ಅಕಿಲೀಸ್. ಡಾಕ್ಟರುಗಳೂ ಜಿಮ್ಮಿನವರೂ ಟೆಂಡನ್ ಅನ್ನುತ್ತಾರೆ, ಮನೆಯಲ್ಲಿ ನಾವು ಹಿಮ್ಮಡಿ ನರ ಅಂದುಬಿಡುತ್ತೇವೆ. ಮೀನಖಂಡದ ಸ್ನಾಯುಗಳು ಮೇಲಿನಿಂದ ಇಳಿದು ಬಂದು ಈ ರಜ್ಜುವಿನಲ್ಲಿ ಒಂದಾಗುತ್ತವೆ. ರಜ್ಜು ಹಿಮ್ಮಡಿಯ ಮೂಳೆಯನ್ನು ಕಚ್ಚಿಕೊಳ್ಳುತ್ತದೆ.

ಸ್ನಾಯು ಎಳೆಯುತ್ತದೆ, ರಜ್ಜು ಆ ಎಳೆತವನ್ನು ಮೂಳೆಗೆ ತಲುಪಿಸುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ನಿಜ. ಆದರೆ ಓಡುವಾಗ ಈ ರಜ್ಜು ಎಳೆತವನ್ನು ದಾಟಿಸುವುದಷ್ಟೇ ಅಲ್ಲ, ಹಿಗ್ಗಿ ಶಕ್ತಿಯನ್ನು ತುಂಬಿಕೊಳ್ಳುತ್ತದೆ, ಮರುಕ್ಷಣವೇ ಕುಗ್ಗಿ ಆ ಶಕ್ತಿಯನ್ನು ಓಟಕ್ಕೆ ವಾಪಸು ಕೊಡುತ್ತದೆ. ಇದು ವಿಜ್ಞಾನಿಗಳ ಗಮನಕ್ಕೆ ಬಂದದ್ದು ಒಂದು ಲೆಕ್ಕ ತಾಳೆಯಾಗದೆ ಹೋದದ್ದರಿಂದ.

1964ರಲ್ಲಿ ಇಟಲಿಯ ಜೊವಾನಿ ಕವಾನ್ಯಾ ಮತ್ತು ಸಂಗಡಿಗರು ಓಟದ ಜಮಾ-ಖರ್ಚು ಬರೆಯಲು ಕೂತರು. ಓಡುವವನ ದೇಹ ಪ್ರತಿ ಹೆಜ್ಜೆಗೂ ಮೇಲೇಳುತ್ತದೆ, ಕೆಳಗಿಳಿಯುತ್ತದೆ, ನೆಲ ತಗುಲಿದಾಗ ತುಸು ನಿಧಾನವಾಗಿ ಮತ್ತೆ ವೇಗ ಪಡೆಯುತ್ತದೆ. ಇದಕ್ಕೆಲ್ಲ ಎಷ್ಟು ಕೆಲಸ ಬೇಕು ಎಂದು ಅಳೆದರು. ಇನ್ನೊಂದು ಕಡೆ, ಓಟಗಾರ ಸೇವಿಸಿದ ಆಮ್ಲಜನಕದಿಂದ ದೇಹ ಎಷ್ಟು ಇಂಧನ ಸುಟ್ಟಿತು ಎಂದು ಲೆಕ್ಕ ಹಾಕಿದರು. ಸ್ನಾಯು ತಾನು ಸುಡುವ ಇಂಧನದಲ್ಲಿ ಶೇ 25ರಷ್ಟನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲದು, ಉಳಿದದ್ದು ಶಾಖವಾಗಿ ಹೋಗುತ್ತದೆ. ಆದರೆ ಓಟದ ಲೆಕ್ಕದಲ್ಲಿ ಕಂಡದ್ದು ಶೇ 40ರಿಂದ 50. ಸ್ನಾಯುವಿಗೆ ಸಾಧ್ಯವೇ ಇಲ್ಲದ ದಕ್ಷತೆ ಇದು. ಹಾಗಾದರೆ ಆ ಕೆಲಸದ ಒಂದು ಪಾಲನ್ನು ಇಂಧನ ಸುಡದ ಬೇರೇನೋ ಮಾಡುತ್ತಿರಬೇಕು. ಹಿಂದಿನ ಕ್ಷಣದಲ್ಲಿ ಕೆಳಗೆ ಬಿದ್ದ ದೇಹದ ಶಕ್ತಿಯನ್ನೇ ಎಲ್ಲೋ ಹಿಡಿದಿಟ್ಟುಕೊಂಡು ಮುಂದಿನ ನೆಗೆತಕ್ಕೆ ಕೊಡುತ್ತಿರಬೇಕು.

ಒಂಬತ್ತು ವರ್ಷಗಳ ನಂತರ ಟೆರೆನ್ಸ್ ಡಾಸನ್ ಮತ್ತು ರಿಚರ್ಡ್ ಟೇಲರ್ ಕೆಂಪು ಕಾಂಗರೂಗಳನ್ನು ಟ್ರೆಡ್‌ಮಿಲ್ ಮೇಲೆ ಕುಪ್ಪಳಿಸಲು ಪಳಗಿಸಿ, ಅವುಗಳ ಉಸಿರಾಟವನ್ನು ಅಳೆದರು. ಯಾವುದೇ ಪ್ರಾಣಿ ವೇಗ ಹೆಚ್ಚಿಸಿದರೆ ಹೆಚ್ಚು ಆಮ್ಲಜನಕ ಬೇಕು, ಇದು ಎಲ್ಲರೂ ಒಪ್ಪಿದ್ದ ಮಾತು. ಕಾಂಗರೂ ಹಾಗೆ ಮಾಡಲಿಲ್ಲ. ಕುಪ್ಪಳಿಸಲು ಶುರು ಮಾಡಿದ ಮೇಲೆ ವೇಗ ಗಂಟೆಗೆ 20 ಕಿಲೋಮೀಟರಿನ ಆಸುಪಾಸಿಗೆ ಏರಿದರೂ ಅದರ ಆಮ್ಲಜನಕದ ಖರ್ಚು ಏರಲೇ ಇಲ್ಲ. ಕಾಂಗರೂವಿನ ಹಿಂಗಾಲಿನ ಉದ್ದುದ್ದ ರಜ್ಜುಗಳ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಆಗ.

ಮನುಷ್ಯನ ಕಾಲಿನಲ್ಲಿ ಈ ಶಕ್ತಿ ಎಲ್ಲಿದೆ, ಎಷ್ಟಿದೆ ಎಂದು ಮೊದಲು ಸ್ಪಷ್ಟವಾಗಿ ತೋರಿಸಿದವರು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಆರ್. ಮೆಕ್‌ನೀಲ್ ಅಲೆಗ್ಸಾಂಡರ್ ಮತ್ತು ಅವರ ಸಹೋದ್ಯೋಗಿಗಳು, 1987ರಲ್ಲಿ. ಚಿಕಿತ್ಸೆಗಾಗಿ ಕತ್ತರಿಸಿ ತೆಗೆದಿದ್ದ ಪಾದಗಳನ್ನು ಅವರು ಒಂದು ಪರೀಕ್ಷಾ ಯಂತ್ರದಲ್ಲಿ ಕೂರಿಸಿ, ಓಡುವಾಗ ಬೀಳುವಷ್ಟೇ ಭಾರ ಹಾಕಿ ಒತ್ತಿ ಬಿಟ್ಟರು. ಪಾದದ ಕಮಾನು ಒತ್ತಿದಾಗ ಚಪ್ಪಟೆಯಾಗಿ, ಬಿಟ್ಟಾಗ ಪುಟಿದು ಮೇಲೇಳುತ್ತಿತ್ತು. ಆಮೇಲೆ ಕಮಾನನ್ನು ಹಿಡಿದಿಟ್ಟ ಅಂಗಾಲಿನ ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸುತ್ತ, ಪ್ರತಿ ಬಾರಿಯೂ ಎಷ್ಟು ಪುಟಿತ ಕಡಿಮೆಯಾಯಿತು ಎಂದು ನೋಡಿದರು. ಅಕಿಲೀಸ್ ರಜ್ಜುವಿನ ಲೆಕ್ಕವನ್ನೂ ಜೊತೆಗೇ ಮಾಡಿದರು. ಆ ಲೆಕ್ಕವನ್ನು ನಾವೂ ಒಮ್ಮೆ ಮಾಡಿ ನೋಡೋಣ. ಕೂಡುವುದು, ಗುಣಿಸುವುದು ಬಂದರೆ ಸಾಕು.

70 ಕಿಲೋ ತೂಕದ ಒಬ್ಬ ಓಟಗಾರ ಸೆಕೆಂಡಿಗೆ ನಾಲ್ಕೂವರೆ ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದಾನೆ. ಒಂದು ಪಾದ ನೆಲದ ಮೇಲಿರುವ ಹೊತ್ತು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಆ ಅವಧಿಯ ನಡುಮಧ್ಯದಲ್ಲಿ ನೆಲ ಪಾದವನ್ನು ಸುಮಾರು 190 ಕಿಲೋ ಭಾರದಷ್ಟು ಬಲದಿಂದ ಮೇಲಕ್ಕೆ ತಳ್ಳುತ್ತದೆ. ದೇಹದ ತೂಕದ ಎರಡು ಮುಕ್ಕಾಲು ಪಟ್ಟು. ಈ ಬಲ ಬೀಳುವುದು ಬೆರಳುಗಳ ಬುಡದ ಉಬ್ಬಿನ ಮೇಲೆ. ಪಾದ ಒಂದು ಸನ್ನೆಕೋಲು, ಕಣಕಾಲಿನ ಕೀಲು ಅದರ ಆಧಾರ. ಬೆರಳ ಬುಡದಿಂದ ಕೀಲಿಗೆ ಇರುವ ದೂರ, ಕೀಲಿನಿಂದ ಅಕಿಲೀಸ್ ರಜ್ಜುವಿಗೆ ಇರುವ ದೂರದ ಎರಡೂವರೆ ಪಟ್ಟು. ಹಾಗಾಗಿ ಪಾದವನ್ನು ಹಿಡಿದು ನಿಲ್ಲಿಸಬೇಕಾದರೆ ರಜ್ಜು 190 ಕಿಲೋದ ಎರಡೂವರೆ ಪಟ್ಟು ಬಲದಿಂದ ಎಳೆಯಬೇಕು. ಅದು ಹೆಚ್ಚುಕಡಿಮೆ 480 ಕಿಲೋ ಆಯಿತು. ಹೆಜ್ಜೆಹೆಜ್ಜೆಗೂ, ಒಂದೊಂದು ಹಿಮ್ಮಡಿಯ ಹಿಂದೆಯೂ ಇಷ್ಟು ಬಲ! ರಜ್ಜು ಹರಿದುಹೋಗುವ ಮಿತಿಯ ಸುಮಾರು ಅರ್ಧದಷ್ಟು ಇದು.

ಈ ಬಲಕ್ಕೆ ರಜ್ಜು ಹಿಗ್ಗುವುದು ಸುಮಾರು 15 ಮಿಲಿಮೀಟರ್. ಸ್ಪ್ರಿಂಗಿನಲ್ಲಿ ತುಂಬಿಕೊಂಡ ಶಕ್ತಿ ಎಂದರೆ ಬಲ ಮತ್ತು ಹಿಗ್ಗಿನ ಗುಣಲಬ್ಧದ ಅರ್ಧ. ಲೆಕ್ಕ ಹಾಕಿದರೆ 35 ಜೌಲ್ ಬರುತ್ತದೆ. ಒಂದು ಕಿಲೋ ತೂಕವನ್ನು ಹತ್ತು ಸೆಂಟಿಮೀಟರ್ ಎತ್ತಲು ಹೆಚ್ಚುಕಡಿಮೆ ಒಂದು ಜೌಲ್ ಬೇಕು ಎಂದಿಟ್ಟುಕೊಂಡರೆ ಈ ಅಂಕಿಯ ಅಂದಾಜು ಸಿಗುತ್ತದೆ. ಪಾದದ ಕಮಾನು ಇನ್ನೂ 17 ಜೌಲ್ ಹಿಡಿದಿಟ್ಟುಕೊಳ್ಳುತ್ತದೆ ಎಂದು ಯಂತ್ರ ತೋರಿಸಿತು. ಆ ವೇಗದಲ್ಲಿ ಪ್ರತಿ ಹೆಜ್ಜೆಗೂ ದೇಹ ಕಳೆದುಕೊಂಡು ಮತ್ತೆ ಗಳಿಸುವ ಶಕ್ತಿ ಸುಮಾರು 100 ಜೌಲ್. ಅದರಲ್ಲಿ ಅರ್ಧಕ್ಕರ್ಧ ಈ ಎರಡೇ ಸ್ಪ್ರಿಂಗುಗಳಲ್ಲಿ ಬಂದು ಹೋಗುತ್ತದೆ. ರಜ್ಜು ತಾನು ತೆಗೆದುಕೊಂಡದ್ದರಲ್ಲಿ ಶೇ 93ರಷ್ಟನ್ನು ವಾಪಸು ಕೊಡುತ್ತದೆ, ಉಳಿದ ಏಳು ಪಾಲು ಶಾಖವಾಗುತ್ತದೆ. ಆ ಏಳು ಪಾಲೇ ಸಾಮಾನ್ಯದ್ದಲ್ಲ. ನಾಗಾಲೋಟದಲ್ಲಿ ಓಡುವ ಕುದುರೆಯ ಮುಂಗಾಲಿನ ರಜ್ಜುವಿನ ಒಳಗೆ ಉಷ್ಣತಾಮಾಪಕ ಇಟ್ಟು ನೋಡಿದಾಗ 45 ಡಿಗ್ರಿ ಸೆಲ್ಸಿಯಸ್ ಕಂಡಿತ್ತು.

ಅಲೆಗ್ಸಾಂಡರ್ ಅವರ 35 ಜೌಲ್ ಎಲ್ಲರಿಗೂ ಒಪ್ಪಿಗೆಯಾದ ಅಂಕಿಯಲ್ಲ. ಜೀವಂತ ಓಟಗಾರರ ಕಾಲಿಗೆ ಅಲ್ಟ್ರಾಸೌಂಡ್ ಹಚ್ಚಿ ಮಾಡಿದ ಮುಂದಿನ ಕೆಲವು ಅಳತೆಗಳು ಅದಕ್ಕಿಂತ ಬಹಳ ಕಡಿಮೆ ತೋರಿಸಿವೆ. ರಜ್ಜುವಿನ ದಪ್ಪ, ಉದ್ದ ಒಬ್ಬರಿಂದೊಬ್ಬರಿಗೆ ಬೇರೆ, ಓಡುವ ವೇಗ ಬೇರೆ. ಆದರೂ ರಜ್ಜು ಹಿಗ್ಗಿ ಕುಗ್ಗಿ ಶಕ್ತಿ ಉಳಿಸುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.

ತಕರಾರು ಹುಟ್ಟುವುದು ಮುಂದಿನ ಪ್ರಶ್ನೆಯಲ್ಲಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇರುವುದೂ ಅಲ್ಲೇ. ಸ್ಪ್ರಿಂಗ್ ಶಕ್ತಿ ತುಂಬಿಕೊಳ್ಳುತ್ತದೆ ಎಂದ ಮೇಲೆ, ಒಳ್ಳೆಯ ಓಟಗಾರನಿಗೆ ಸಡಿಲವಾದ, ಚೆನ್ನಾಗಿ ಹಿಗ್ಗುವ ರಜ್ಜು ಇರಬೇಕಲ್ಲವೇ? ಮೇಲಿನ ಲೆಕ್ಕವನ್ನೇ ಮುಂದುವರಿಸಿ. ರಜ್ಜುವಿನ ಬಿಗಿತ ಎಂದರೆ ಅದನ್ನು ಒಂದು ಮಿಲಿಮೀಟರ್ ಹಿಗ್ಗಿಸಲು ಎಷ್ಟು ಬಲ ಬೇಕು ಎಂಬುದು. ನಮ್ಮ ಓಟಗಾರನ ರಜ್ಜುವಿನ ಬಿಗಿತ ಶೇ 20ರಷ್ಟು ಹೆಚ್ಚಿತು ಎನ್ನೋಣ. ಬಲ ಅದೇ 480 ಕಿಲೋ. ಆಗ ಹಿಗ್ಗು 15ರಿಂದ ಸುಮಾರು ಹನ್ನೆರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ತುಂಬಿಕೊಂಡ ಶಕ್ತಿಯೂ 35ರಿಂದ 29 ಜೌಲಿಗೆ ಇಳಿಯುತ್ತದೆ. ಬಿಗಿಯಾದಷ್ಟೂ ಉಳಿತಾಯ ಕಡಿಮೆ! ಆದರೆ ಓಟಗಾರರನ್ನು ಪ್ರಯೋಗಾಲಯಕ್ಕೆ ಕರೆಸಿ ಅಳೆದಾಗ ಕಂಡದ್ದು ಇದಕ್ಕೆ ತದ್ವಿರುದ್ಧ. 2006ರಲ್ಲಿ ಅಡಮಾಂಟಿಯೋಸ್ ಅರಾಂಪಾಟ್ಜಿಸ್ ಮತ್ತು ಸಂಗಡಿಗರು ದೂರದ ಓಟಗಾರರನ್ನು ಪರೀಕ್ಷಿಸಿದಾಗ, ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಬಳಸುವವರಲ್ಲಿ ಮೀನಖಂಡ ಹೆಚ್ಚು ಬಲವಾಗಿತ್ತು, ಅದರ ರಜ್ಜು ಹೆಚ್ಚು ಬಿಗಿಯಾಗಿತ್ತು. ಕಡಿಮೆ ಶಕ್ತಿ ತುಂಬಿಕೊಳ್ಳುವ ಸ್ಪ್ರಿಂಗಿನಿಂದ ಹೆಚ್ಚು ಉಳಿತಾಯ ಹೇಗೆ ಸಾಧ್ಯ?

ಇದಕ್ಕೆ ಉತ್ತರ ಹುಡುಕಬೇಕಾದದ್ದು ರಜ್ಜುವಿನ ಮೇಲ್ತುದಿಗೆ ಅಂಟಿಕೊಂಡಿರುವ ಸ್ನಾಯುವಿನಲ್ಲಿ. ರಜ್ಜು ತಾನಾಗಿ ಹಿಗ್ಗುವುದಿಲ್ಲ. ಕೆಳಗಿನಿಂದ ಹಿಮ್ಮಡಿ ಎಳೆಯುವಾಗ ಮೇಲಿನಿಂದ ಯಾರಾದರೂ ಬಿಗಿಯಾಗಿ ಹಿಡಿದಿರಬೇಕು. ಹಿಡಿದಿರುವುದು ಸ್ನಾಯು. ಅದು ಪ್ರತಿ ಹೆಜ್ಜೆಗೂ 480 ಕಿಲೋ ಬಲವನ್ನು ಹುಟ್ಟಿಸಲೇಬೇಕು. ಕೆಲಸದ ಲೆಕ್ಕದಲ್ಲಿ ರಜ್ಜು ಎಷ್ಟೇ ಉಳಿಸಲಿ, ಹಿಡಿದು ನಿಲ್ಲುವ ಕೂಲಿಯನ್ನು ಸ್ನಾಯುವಿಗೆ ಕೊಡಲೇಬೇಕು. ಈ ಕೂಲಿ ಸ್ನಾಯು ನಿಂತಲ್ಲೇ ಹಿಡಿದಿದೆಯೋ, ಕುಗ್ಗುತ್ತ ಎಳೆಯುತ್ತಿದೆಯೋ ಎಂಬುದರ ಮೇಲೆ ಬಹಳ ಬದಲಾಗುತ್ತದೆ.

ಬಾವಿಯಲ್ಲಿ ನೀರು ಸೇದಿದವರಿಗೆ ಇದು ಕೈಯಲ್ಲೇ ಗೊತ್ತಿದೆ. ತುಂಬಿದ ಕೊಡವನ್ನು ಅರ್ಧ ದಾರಿಯಲ್ಲಿ ಹಗ್ಗ ಬಿಗಿಹಿಡಿದು ನಿಲ್ಲಿಸಿಕೊಳ್ಳುವುದಕ್ಕೂ ಸರಸರನೆ ಮೇಲೆಳೆಯುವುದಕ್ಕೂ ಆಯಾಸದಲ್ಲಿ ಅಜಗಜಾಂತರ. ಇನ್ನು ಹಗ್ಗವೇ ರಬ್ಬರಿನದಾಗಿದ್ದರೆ? ಮೊಳಗಟ್ಟಲೆ ಎಳೆದುಕೊಂಡರೂ ಕೊಡ ನೀರಿನ ಮೇಲೇ ಇರುತ್ತದೆ. ಹಗ್ಗದ ಹಿಗ್ಗು ಮುಗಿದು ಬಿಗಿ ಬರುವ ತನಕ ನಮ್ಮ ತೋಳು ಎಳೆಯುತ್ತಲೇ ಇರಬೇಕು.

ಸ್ನಾಯುವಿನ ಒಳಗೆ ಆಗುವುದೂ ಇದೇ. ಅದರ ಎಳೆಗಳಲ್ಲಿ ಮಯೋಸಿನ್ ಎಂಬ ಪ್ರೋಟೀನಿನ ಸಣ್ಣ ಸಣ್ಣ ತಲೆಗಳು ಪಕ್ಕದ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಪ್ರತಿ ಸುತ್ತಿಗೂ ಎಟಿಪಿ ಎಂಬ ಇಂಧನದ ಒಂದು ಅಣು ಖರ್ಚು. ನಿಂತಲ್ಲೇ ಹಿಡಿದಾಗ ಈ ಸುತ್ತುಗಳು ನಿಧಾನ. ಕುಗ್ಗುತ್ತ ಕೆಲಸ ಮಾಡುವಾಗ ಸುತ್ತುಗಳು ಹೆಚ್ಚಿ, ಸ್ನಾಯು ಸುಡುವ ಇಂಧನವೂ ಹೆಚ್ಚುತ್ತದೆ. ಕಪ್ಪೆಯ ಸ್ನಾಯುವಿನ ಮೇಲೆ ವ್ಯಾಲೇಸ್ ಫೆನ್ 1920ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಇನ್ನೊಂದು ನಷ್ಟವೂ ಇದೆ. ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತದೋ ಅದರ ಒಂದೊಂದು ಎಳೆಯ ಬಲ ಅಷ್ಟು ಕಡಿಮೆಯಾಗುತ್ತದೆ. ಬೇಕಾದ ಬಲ ಮಾತ್ರ ಅಷ್ಟೇ ಇರುತ್ತದೆ. ಕೊರತೆ ತುಂಬಲು ಇನ್ನಷ್ಟು ಎಳೆಗಳನ್ನು ಕೆಲಸಕ್ಕೆ ಹಚ್ಚಬೇಕು, ಅವೂ ಇಂಧನ ಕೇಳುತ್ತವೆ.

ಈಗ ನಮ್ಮ ಓಟಗಾರನ ಲೆಕ್ಕಕ್ಕೆ ಮರಳೋಣ. ಬಿಗಿತ ಹೆಚ್ಚಿದಾಗ ರಜ್ಜುವಿನ ಹಿಗ್ಗು ಎರಡೂವರೆ ಮಿಲಿಮೀಟರ್ ಕಡಿಮೆಯಾಯಿತು. ಕಣಕಾಲಿನ ಚಲನೆ ಮೊದಲಿನಂತೆಯೇ ಇದ್ದರೆ, ರಜ್ಜುವನ್ನು ಬಿಗಿಗೊಳಿಸುವುದಕ್ಕಾಗಿ ಸ್ನಾಯು ಕುಗ್ಗಬೇಕಾದ ಅಳತೆಯೂ ಅಷ್ಟೇ ಕಡಿಮೆಯಾಗುತ್ತದೆ. ಎರಡೂವರೆ ಮಿಲಿಮೀಟರ್ ಏನು ಮಹಾ ಎನ್ನಿಸಬಹುದು. ಆದರೆ ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯುವಿನ ಎಳೆಕಟ್ಟುಗಳ ಉದ್ದವೇ ಸುಮಾರು ನಾಲ್ಕು ಸೆಂಟಿಮೀಟರ್. ಅದರಲ್ಲಿ ಎರಡೂವರೆ ಮಿಲಿಮೀಟರ್ ಎಂದರೆ ಶೇ 6. ಅಷ್ಟು ಕುಗ್ಗಬೇಕಾದ ಅವಧಿ ಸೆಕೆಂಡಿನ ಹತ್ತನೇ ಒಂದು ಭಾಗ. ಮ್ಯಾರಥಾನಿನಲ್ಲಿ ಎರಡೂ ಕಾಲುಗಳ ಹೆಜ್ಜೆ ಹತ್ತಾರು ಸಾವಿರ. ರಜ್ಜು ಕೊಡುವ ಆರು ಜೌಲಿನ ಉಳಿತಾಯ ಹೋದರೂ, ಸ್ನಾಯುವಿನ ಕೂಲಿಯಲ್ಲಿ ಆಗುವ ಇಳಿಕೆ ಅದಕ್ಕಿಂತ ದೊಡ್ಡದಾಗಬಲ್ಲದು.

ಸ್ನಾಯು ನಿಜಕ್ಕೂ ನಿಂತಲ್ಲೇ ಹಿಡಿಯುತ್ತದೆಯೇ ಎಂದು ನೇರವಾಗಿ ನೋಡಿದ್ದು ಟರ್ಕಿ ಕೋಳಿಯಲ್ಲಿ. ಥಾಮಸ್ ರಾಬರ್ಟ್ಸ್ ಮತ್ತು ಸಂಗಡಿಗರು ಟರ್ಕಿ ಕೋಳಿಯನ್ನೇ ಆರಿಸಿಕೊಂಡದ್ದಕ್ಕೆ ಒಂದು ಸೊಗಸಾದ ಕಾರಣವಿದೆ. ಈ ಹಕ್ಕಿಯ ಕಾಲಿನ ರಜ್ಜುಗಳ ಒಂದು ಭಾಗ ಸುಣ್ಣಗಟ್ಟಿ ಮೂಳೆಯಷ್ಟು ಗಟ್ಟಿಯಾಗಿರುತ್ತದೆ. ಅದರ ಮೇಲೆ ಬಲ ಅಳೆಯುವ ಸಣ್ಣ ಸಂವೇದಕವನ್ನು ಅಂಟಿಸಬಹುದು. ಸ್ನಾಯುವಿನ ಒಳಗೆ ಎರಡು ಪುಟ್ಟ ಹರಳುಗಳನ್ನು ಇಟ್ಟು, ಒಂದರಿಂದ ಇನ್ನೊಂದಕ್ಕೆ ಶ್ರವಣಾತೀತ ಧ್ವನಿ ಹಾಯುವ ಸಮಯದಿಂದ ಎಳೆಗಳ ಉದ್ದವನ್ನು ಕ್ಷಣಕ್ಷಣಕ್ಕೂ ಓದಿದರು. ಹಕ್ಕಿ ಟ್ರೆಡ್‌ಮಿಲ್ ಮೇಲೆ ಓಡಿತು. 1997ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಮತಟ್ಟಾದ ಓಟದಲ್ಲಿ ಸ್ನಾಯು ತನ್ನ ಬಲದ ಬಹುಪಾಲನ್ನು ಹುಟ್ಟಿಸಿದ್ದು ಹೆಚ್ಚುಕಡಿಮೆ ಉದ್ದ ಬದಲಾಯಿಸದೆ. ಹಿಗ್ಗುವ, ಕುಗ್ಗುವ ಕೆಲಸವನ್ನೆಲ್ಲ ರಜ್ಜುವಿಗೆ ಬಿಟ್ಟು ತಾನು ಬರೀ ಹಿಡಿದು ನಿಂತಿತ್ತು. ಅದೇ ಹಕ್ಕಿಯನ್ನು ಏರಿನಲ್ಲಿ ಓಡಿಸಿದಾಗ ಸ್ನಾಯು ಕುಗ್ಗತೊಡಗಿತು. ದೇಹವನ್ನು ಎತ್ತರಕ್ಕೆ ಒಯ್ಯಲು ಹೊಸ ಶಕ್ತಿಯೇ ಬೇಕು, ಅದನ್ನು ಯಾವ ಸ್ಪ್ರಿಂಗೂ ಕೊಡಲಾರದು. ನಂದಿಬೆಟ್ಟದ ರಸ್ತೆಯಲ್ಲಿ ಓಡಿದವರಿಗೆ ಮೀನಖಂಡ ಉರಿಯುವುದು ಇದಕ್ಕೇ.

ಮನುಷ್ಯನಲ್ಲಿ ಚಿತ್ರ ಇಷ್ಟು ಅಚ್ಚುಕಟ್ಟಾಗಿಲ್ಲ. ನಮ್ಮ ಸೋಲಿಯಸ್ ಪೂರ್ತಿ ಸುಮ್ಮನೆ ನಿಲ್ಲುವುದಿಲ್ಲ, ಪಾದ ನೆಲದ ಮೇಲಿರುವಷ್ಟು ಹೊತ್ತೂ ನಿಧಾನವಾಗಿ ಕುಗ್ಗುತ್ತಿರುತ್ತದೆ. ಹಾಗಾಗಿ ಪ್ರಶ್ನೆ, ಅದು ಕುಗ್ಗುವ ವೇಗ ಮಿತವ್ಯಯದ್ದೋ ಅಲ್ಲವೋ ಎಂಬುದು. ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಸೆಬಾಸ್ಟಿಯನ್ ಬೋಮ್, ಅರಾಂಪಾಟ್ಜಿಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಕೆದಕಿತು. 23 ಮಂದಿಯಲ್ಲಿ 13 ಮಂದಿಗೆ 14 ವಾರಗಳ ಕಾಲ ಮೀನಖಂಡ ಮತ್ತು ಅಕಿಲೀಸ್ ರಜ್ಜುವಿಗೆಂದೇ ರೂಪಿಸಿದ ತರಬೇತಿ ಕೊಟ್ಟರು, ಉಳಿದವರು ತಮ್ಮ ಪಾಡಿಗೆ ಇದ್ದರು. ತರಬೇತಿ ಪಡೆದವರಲ್ಲಿ ಸ್ನಾಯುವಿನ ಬಲ ಶೇ 10ರಷ್ಟು, ರಜ್ಜುವಿನ ಬಿಗಿತ ಶೇ 31ರಷ್ಟು ಹೆಚ್ಚಿತು. ಅದೇ ವೇಗದಲ್ಲಿ ಓಡಲು ಬೇಕಾದ ಇಂಧನ ಶೇ 4ರಷ್ಟು ಇಳಿಯಿತು. ಅಲ್ಟ್ರಾಸೌಂಡಿನಲ್ಲಿ ಸೋಲಿಯಸ್ ಎಳೆಗಳನ್ನು ಹಿಂಬಾಲಿಸಿದಾಗ, ಅವು ಇಂಧನವನ್ನು ಹೆಚ್ಚು ದಕ್ಷವಾಗಿ ಕೆಲಸವಾಗಿಸುವ ವೇಗದಲ್ಲಿ ದುಡಿಯುತ್ತಿದ್ದವು. ಉಳಿದವರಲ್ಲಿ ಇದ್ಯಾವುದೂ ಬದಲಾಗಿರಲಿಲ್ಲ.

ಶೇ 4 ಎಂದರೆ ಎಷ್ಟು? ಓಟದಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚು. 60 ಕಿಲೋದವರು ಮ್ಯಾರಥಾನ್ ಓಡಿದರೆ 2500 ದಾಟುತ್ತದೆ. ಅದರಲ್ಲಿ ನೂರು ಉಳಿಯಿತು. ಕಡೆಯ ಹತ್ತು ಕಿಲೋಮೀಟರುಗಳಲ್ಲಿ ಕಾಲಿನ ಸಕ್ಕರೆ ದಾಸ್ತಾನು ಬರಿದಾಗುತ್ತ ಬರುವಾಗ ಈ ನೂರು ದೊಡ್ಡದೇ.

ಹಾಗೆಂದು ಬಿಗಿ ಹೆಚ್ಚಿದಷ್ಟೂ ಒಳ್ಳೆಯದು ಎಂದೇನೂ ಇಲ್ಲ. ರಜ್ಜು ಹಿಗ್ಗುವುದನ್ನೇ ನಿಲ್ಲಿಸಿದರೆ, ಕಣಕಾಲು ಮಡಚಿದಾಗ ಹಿಗ್ಗಬೇಕಾದವನು ಸ್ನಾಯುವೇ ಆಗುತ್ತಾನೆ. ಬಿಗಿಹಿಡಿದಿರುವಾಗಲೇ ಎಳೆಸಿಕೊಂಡ ಸ್ನಾಯು ಶಕ್ತಿಯನ್ನು ವಾಪಸು ಕೊಡುವುದಿಲ್ಲ, ಶಾಖವಾಗಿ ಕಳೆಯುತ್ತದೆ, ಜೊತೆಗೆ ಅದರ ಎಳೆಗಳಿಗೂ ಪೆಟ್ಟು ಬೀಳುತ್ತದೆ. ಸಡಿಲದ ನಷ್ಟ ಒಂದು ಕಡೆ, ಅತಿಬಿಗಿಯ ನಷ್ಟ ಇನ್ನೊಂದು ಕಡೆ. ನಡುವೆ ಒಂದು ಹದ ಇದೆ, ಅದು ಒಬ್ಬೊಬ್ಬರ ತೂಕ, ವೇಗ, ಸ್ನಾಯುಬಲಕ್ಕೆ ತಕ್ಕಂತೆ ಬದಲಾಗುತ್ತದೆ. ದೇಹದ ಎಲ್ಲ ರಜ್ಜುಗಳಿಗೂ ಒಂದೇ ನಿಯಮ ಅನ್ವಯಿಸುವುದಿಲ್ಲ ಎಂಬುದನ್ನೂ 2006ರ ಅದೇ ಅಧ್ಯಯನ ತೋರಿಸಿತ್ತು. ಮಿತವ್ಯಯದ ಓಟಗಾರರ ತೊಡೆಯ ಮುಂಭಾಗದ ಸ್ನಾಯುವಿನ ರಜ್ಜು, ಕಡಿಮೆ ಬಲದಲ್ಲಿ, ಇತರರದ್ದಕ್ಕಿಂತ ಹೆಚ್ಚು ಸಡಿಲವಾಗಿತ್ತು.

ರಜ್ಜುವಿನ ಬಿಗಿತ ಬದಲಾಗುವುದು ನಿಧಾನ. ಅದು ಬಹುಪಾಲು ಕೊಲಾಜನ್ ಎಂಬ ಪ್ರೋಟೀನಿನ ನಾರು, ಜೀವಕೋಶಗಳು ವಿರಳ, ರಕ್ತದ ಹರಿವು ಕಡಿಮೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಇಂಗಾಲ-14ರ ಪ್ರಮಾಣವನ್ನು ಒಮ್ಮೆಲೇ ಏರಿಸಿದ್ದವು. ಆ ಕಾಲದಲ್ಲಿ ಬೆಳೆದವರ ದೇಹದ ಯಾವ ಭಾಗ ಯಾವಾಗ ಕಟ್ಟಿಕೊಂಡಿತು ಎಂಬುದಕ್ಕೆ ಅದು ತಾರೀಖಿನ ಮುದ್ರೆಯಂತಾಯಿತು. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಈ ಮುದ್ರೆಯನ್ನು ಅಕಿಲೀಸ್ ರಜ್ಜುವಿನ ಒಳತಿರುಳಿನಲ್ಲಿ ಓದಿದರು. ಹದಿನೇಳರ ಹರೆಯದ ಹೊತ್ತಿಗೆ ತಿರುಳು ಕಟ್ಟಿ ಮುಗಿದಿತ್ತು. ಆಮೇಲೆ ಅದು ಹೊಸತಾಗಿ ಬೆಳೆದ ಗುರುತೇ ಇಲ್ಲ ಎನ್ನುವಷ್ಟು ಕಡಿಮೆ. ಐವತ್ತರ ವಯಸ್ಸಿನಲ್ಲಿ ಓಡುವವರು ಓಡುತ್ತಿರುವುದು ತಮ್ಮ ಹದಿಹರೆಯದ ತಿರುಳಿನ ಮೇಲೆಯೇ.

ಅನೇಕ ಗಾಯಗಳ ಮೂಲ ಇಲ್ಲಿದೆ. ಹೊಸದಾಗಿ ಓಡಲು ಶುರು ಮಾಡಿದವರ ಉಸಿರು ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ದೂರ ಹೆಚ್ಚಿಸಬಹುದು ಎನ್ನಿಸುತ್ತದೆ, ಹೆಚ್ಚಿಸುತ್ತಾರೆ. ರಜ್ಜು ಇನ್ನೂ ಹಿಂದೆಯೇ ಇರುತ್ತದೆ. ಹಿಮ್ಮಡಿಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲೆ ನೋವು, ಮುಟ್ಟಿದರೆ ಒಂದು ಗಂಟಿನಂಥ ದಪ್ಪ, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಸೆಟೆದುಕೊಂಡಂಥ ಅನುಭವ, ನಾಲ್ಕು ಹೆಜ್ಜೆ ನಡೆದ ಮೇಲೆ ತುಸು ಸಡಿಲ. ಟೆಂಡಿನೋಪತಿ ಎಂದು ವೈದ್ಯರು ಹೇಳುವುದು ಇದಕ್ಕೇ. ಇಲ್ಲೊಂದು ತಪ್ಪು ತಿಳಿವಳಿಕೆಗೆ ದಾರಿಯಿದೆ. ಬಿಗಿಯಾಗಿದೆ ಎನ್ನಿಸುತ್ತದಾದ್ದರಿಂದ ಜನ ಅದನ್ನು ಎಳೆದೆಳೆದು ಸಡಿಲಿಸಲು ಹೊರಡುತ್ತಾರೆ. ಅಳೆದು ನೋಡಿದರೆ ಅಂಥ ರಜ್ಜು ದಪ್ಪವಾಗಿದ್ದರೂ ಅದರ ನಿಜವಾದ ಬಿಗಿತ ಆರೋಗ್ಯವಂತ ರಜ್ಜುವಿಗಿಂತ ಕಡಿಮೆಯೇ ಇರುತ್ತದೆ. ಅದಕ್ಕೆ ಬೇಕಾದದ್ದು ಹದವರಿತ ಭಾರ. 1998ರಲ್ಲಿ ಸ್ವೀಡನ್ನಿನ ಹೊಕಾನ್ ಅಲ್ಫ್ರೆಡ್‌ಸನ್ ಪ್ರಕಟಿಸಿದ ಕ್ರಮ ಇಂದಿಗೂ ಚಾಲ್ತಿಯಲ್ಲಿದೆ. ಮೆಟ್ಟಿಲಂಚಿನಲ್ಲಿ ತುದಿಗಾಲಲ್ಲಿ ನಿಂತು, ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸುವುದು, ಮೇಲೇಳಲು ಇನ್ನೊಂದು ಕಾಲಿನ ನೆರವು ಪಡೆಯುವುದು. 15 ಸಲದ ಮೂರು ಸುತ್ತು, ಮಂಡಿ ನೇರವಾಗಿಟ್ಟು ಒಮ್ಮೆ, ತುಸು ಮಡಚಿ ಒಮ್ಮೆ, ದಿನಕ್ಕೆರಡು ಹೊತ್ತು, 12 ವಾರ.

ಹರಿದುಹೋಗುವುದು ಬೇರೆಯೇ ಮಾತು. ಹಿಂದಿನಿಂದ ಯಾರೋ ಒದ್ದಂತೆ ಆಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಎಂದು ರೋಗಿಗಳು ಹೇಳುತ್ತಾರೆ. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದಾಗ ಪಾದ ಅಲುಗದಿದ್ದರೆ ರಜ್ಜು ಹರಿದಿದೆ ಎಂದೇ ಲೆಕ್ಕ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯಾಟಿಕ್ ಮಾತ್ರೆಗಳು ಈ ಅಪಾಯವನ್ನು ಹೆಚ್ಚಿಸುತ್ತವೆ, ಅರವತ್ತು ದಾಟಿದವರಲ್ಲಿ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ನಮ್ಮಲ್ಲಿ ಈ ಮಾತ್ರೆಗಳನ್ನು ಚೀಟಿಯಿಲ್ಲದೆ ಕೊಳ್ಳುವವರಿದ್ದಾರೆ, ಅದಕ್ಕಾಗಿ ಇದನ್ನು ಹೇಳಲೇಬೇಕಾಯಿತು. ಇವನ್ನು ನುಂಗುತ್ತಿರುವಾಗ ಹಿಮ್ಮಡಿಯ ಹಿಂದೆ ನೋವು ಕಾಣಿಸಿಕೊಂಡರೆ ಓಟ ನಿಲ್ಲಿಸಿ, ವೈದ್ಯರಿಗೆ ಹೇಳಿ.

ಆರೋಗ್ಯವಂತ ರಜ್ಜುವನ್ನು ಇನ್ನಷ್ಟು ಬಿಗಿಗೊಳಿಸುವುದು ಹೇಗೆ ಎಂಬುದಕ್ಕೂ ಅರಾಂಪಾಟ್ಜಿಸ್ ಅವರ ಗುಂಪಿನ ಪ್ರಯೋಗಗಳಲ್ಲೇ ಉತ್ತರವಿದೆ. ಒಂದು ಪ್ರಯೋಗದಲ್ಲಿ ಪ್ರತಿಯೊಬ್ಬರ ಒಂದು ಕಾಲಿಗೆ ಅವರ ಗರಿಷ್ಠ ಬಲದ ಶೇ 55ರಷ್ಟು, ಇನ್ನೊಂದಕ್ಕೆ ಶೇ 90ರಷ್ಟು ಭಾರ ಕೊಟ್ಟರು, ಒಟ್ಟು ದುಡಿಮೆ ಎರಡಕ್ಕೂ ಸಮ. 14 ವಾರಗಳ ನಂತರ ಸ್ನಾಯು ಎರಡೂ ಕಾಲುಗಳಲ್ಲಿ ಬಲವಾಗಿತ್ತು. ರಜ್ಜು ಬಿಗಿಯಾದದ್ದು ಹೆಚ್ಚು ಭಾರದ ಕಾಲಿನಲ್ಲಿ ಮಾತ್ರ. ಸ್ನಾಯುವಿಗೆ ಸಾಕಾದ ಭಾರ ರಜ್ಜುವಿಗೆ ಸಾಕಾಗಲಿಲ್ಲ. ಹಗುರ ಭಾರದಲ್ಲಿ ಐವತ್ತು ಸಲ ಹಿಮ್ಮಡಿ ಎತ್ತಿಳಿಸುವುದರಿಂದ ರಜ್ಜುವಿಗೆ ಹೆಚ್ಚೇನೂ ದಕ್ಕುವುದಿಲ್ಲ. ಅವರು ಅನುಸರಿಸಿದ ಕ್ರಮ ಸರಳವಾದದ್ದು: ಕದಲದ ಪಟ್ಟಿ ಅಥವಾ ಯಂತ್ರದ ವಿರುದ್ಧ ಪಾದವನ್ನು ಗರಿಷ್ಠದ ಶೇ 90ರಷ್ಟು ಬಲದಿಂದ ಒತ್ತಿ ಮೂರು ಸೆಕೆಂಡು ಹಿಡಿಯುವುದು, ಮೂರು ಸೆಕೆಂಡು ಬಿಡುವುದು. ಹೀಗೆ ನಾಲ್ಕು ಸಲಕ್ಕೆ ಒಂದು ಸುತ್ತು, ಅಂಥ ಐದು ಸುತ್ತು, ವಾರಕ್ಕೆ ಮೂರು-ನಾಲ್ಕು ದಿನ. ಮೊದಲ ವಾರವೇ ಶೇ 90ಕ್ಕೆ ಹಾರಬಾರದು, ಭಾರವನ್ನು ಹಂತಹಂತವಾಗಿ ಏರಿಸಬೇಕು. ಈಗಾಗಲೇ ನೋವಿರುವವರು ಫಿಸಿಯೋಥೆರಪಿಸ್ಟ್ ಇಲ್ಲದೆ ಇದಕ್ಕೆ ಕೈಹಾಕಬಾರದು.

ಈ ತರಬೇತಿಯಿಂದ ಎರಡು ವಾರಗಳಲ್ಲಿ ಏನೂ ಆಗುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ನಿಮ್ಮ ಓಟವಿದ್ದರೆ ಜನವರಿ ಮಧ್ಯದಲ್ಲೇ ಶುರು ಮಾಡಿ.